ಪಂಕಜ ಓದಿದ ‘baral’

ಜ್ವರದಲ್ಲಿ ಕಿವಿ ಹೋದಮೇಲೆ ತುಮಕೂರಿನ ಟೈಲರ್ ಪಂಕಜಳಿಗೆ ಲೋಕದ ಮಾತೆಲ್ಲ ಮೊಬೈಲಿನಲ್ಲೇ ಬರಬೇಕು. ಅದೂ ಎಂಥ ಮಾತು! ಇಂಗ್ಲಿಷ್ ಅಕ್ಷರದಲ್ಲಿ ಗೀಚಿದ, ಬಾಲ ಕತ್ತರಿಸಿದ ಕನ್ನಡ. ಗಿರಾಕಿಗಳು ‘blouse ill’ ಎಂದರೆ ಇಲ್ಲವೆಂದು, ‘blouse ill ide’ ಎಂದರೆ ಇಲ್ಲಿದೆಯೆಂದು ಆಕೆ ಥಟ್ಟನೆ ಓದುತ್ತಿದ್ದಳು. ಅನುಮಾನ ಬಂದರೆ ಅದೇ ಜನರ ಹಳೆಯ ಮೆಸೇಜು ನೋಡುವಳು. ಒಬ್ಬೊಬ್ಬರು ಒಂದೊಂದು ರೀತಿ ಕತ್ತರಿಸುತ್ತಾರೆ. ಆಗಲೂ ತಿಳಿಯದಿದ್ದರೆ ನಾಚಿಕೆ ಬಿಟ್ಟು ಕೇಳುವಳು. ಬಟ್ಟೆಗೆ ಕತ್ತರಿ ಹಾಕಿದ ಮೇಲೆ ಕೇಳಿ ಏನು ಪ್ರಯೋಜನ?

ಗಂಡ ಲಾರಿ ಡ್ರೈವರು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ತವರೆಂದರೆ ಗುಬ್ಬಿಯ ತಮ್ಮ ಸೋಮು ಒಬ್ಬನೇ. ಅವ್ವ ಸತ್ತಾಗ ಅವನು ಸುದ್ದಿ ತಡವಾಗಿ ಕಳಿಸಿದ. ಇವಳು ಹೋಗುವಷ್ಟರಲ್ಲಿ ಮಣ್ಣಾಗಿತ್ತು. “ಇನ್ನು ನನ್ನ ಹೊಸಿಲು ತುಳೀಬೇಡ ಕಣೋ!” ಎಂದು ಕೂಗಿ ಬಂದಿದ್ದಳು. ಅಂದಿನಿಂದ ಗೌರಿ ಹಬ್ಬಕ್ಕೆ ಬಾಗಿನವಿಲ್ಲ. ಪಕ್ಕದ ಮನೆಗಳಿಗೆ ಅಣ್ಣತಮ್ಮಂದಿರು ಬಂದಾಗ ಇವಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. ಒಳಗೆ ಮಾತ್ರ ಅವನು ಬರಲೆಂಬ ಆಸೆ ಸತ್ತಿರಲಿಲ್ಲ.

ಈ ಸಲ ಹಬ್ಬದ ಹಿಂದಿನ ದಿನ ಅವನ ಮೆಸೇಜು ಬಂತು: ‘akka gowri habbak baral’.

ಬರಲ್ಲವಂತೆ! ಅದನ್ನು ಹೇಳೋಕೆ ಮೆಸೇಜು ಬೇರೆ ಕೇಡು! ಪಂಕಜ ‘sari’ ಎಂದು ಒತ್ತಿ ಮೊಬೈಲನ್ನು ಹಾಸಿಗೆಗೆ ಎಸೆದಳು. ಗಿರಾಕಿಗಳ ಮಾತನ್ನು ಅಷ್ಟು ಜೋಪಾನವಾಗಿ ಓದುವವಳು ತಮ್ಮನದನ್ನು ಮತ್ತೊಮ್ಮೆ ನೋಡಲಿಲ್ಲ. ಹಬ್ಬದ ಬೆಳಗ್ಗೆ ಮೊಬೈಲು ಮನೆಯಲ್ಲೇ ಬಿಟ್ಟು, ಬೀಗ ಜಡಿದು ಕೆರೆಯ ಏರಿಗೆ ಹೋಗಿ ಕೂತಳು.

ಮಧ್ಯಾಹ್ನ ವಾಪಸು ಬಂದರೆ ಪಕ್ಕದ ಮನೆಯ ಗಿರಿಜಕ್ಕ ಮೊರದ ಬಾಗಿನ ಹಿಡಿದು ನಿಂತಿದ್ದಾಳೆ. ತುಟಿ ಓದಲು ಅನುಕೂಲವಾಗಲೆಂದು ನಿಧಾನವಾಗಿ ಹೇಳಿದಳು: “ನಿನ್ ತಮ್ಮ ಬಂದಿದ್ದ ಕಣೇ. ಎಷ್ಟೊತ್ತು ಕೂತಿದ್ದ ಪಾಪ! ಬಾ ಅಂತ ಕರ್ದು ಬೀಗ ಹಾಕ್ಕೊಂಡು ಹೋಗೋದಾ, ಮಾರಾಯ್ತಿ?”

“ನಾನೆಲ್ಲಿ ಕರ್ದೆ?”

“ಬರಲಾ ಅಂತ ಕೇಳ್ದೆ, ಸರಿ ಅಂದ್ಲು ಅಂತಿದ್ದ.”

ಪಂಕಜ ಒಳಗೋಡಿ ಅವನ ಹಳೆಯ ಮೆಸೇಜುಗಳನ್ನು ತೆಗೆದಳು. ‘gottill’, ‘bandill’: ಇಲ್ಲವೆನ್ನುವಾಗ ಅವನು ತಪ್ಪದೆ ಎರಡು l ಒತ್ತುತ್ತಿದ್ದ. ‘hoo taral’, ‘auto helal’: ತರಲಾ, ಹೇಳಲಾ ಎಂದು ಕೇಳುವಾಗ ಒಂದೇ. ಪ್ರಶ್ನೆಯ ಗುರುತು ಅವನ ಜಾಯಮಾನದಲ್ಲೇ ಇಲ್ಲ. ಹೊಸಿಲು ತುಳಿಯಬೇಡ ಎಂದವಳ ಅಪ್ಪಣೆ ಕೇಳಿದ್ದ ಹುಡುಗ! ಅವಳು ಅಕ್ಷರ ಬಿಟ್ಟು ತನ್ನ ಮುನಿಸನ್ನೇ ಓದಿಕೊಂಡಿದ್ದಳು.

ಕೊನೆಯ ಮೆಸೇಜು: ‘bagil haki ide. arth aytu’. ಬಾಗಿಲು ಹಾಕಿದೆ, ಅರ್ಥವಾಯಿತು. ಇದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಪಂಕಜ ಅತ್ತಳು. ಆಮೇಲೆ ಒಂದಕ್ಷರವೂ ನುಂಗದೆ, ಕನ್ನಡದಲ್ಲೇ ಒತ್ತಿದಳು: “ನಾನು ತಪ್ಪಾಗಿ ಓದಿದೆ. ಈಗ ನಾನೇ ನಿನ್ನ ಮನೆಗೆ ಬರುತ್ತಿದ್ದೇನೆ.”

ಗುಬ್ಬಿ ಬಸ್ಸಿನಲ್ಲಿ ಮಡಿಲಲ್ಲಿದ್ದ ಮೊಬೈಲು ನಡುಗಿತು. ಬೇಡ ಅಂದಿದ್ದರೆ? ಅವಳು ನೋಡಲಿಲ್ಲ, ನೋಡಿದರೆ ಇಳಿದುಬಿಡಬೇಕಾದೀತೆಂಬ ಭಯ. ಸೆರಗಿನೊಳಗೆ ಅದನ್ನು ಗಟ್ಟಿಯಾಗಿ ಅದುಮಿಕೊಂಡು ಕೂತಳು.