ಬಡ್ಡಿಯಿಲ್ಲದ ಹೊಲಿಗೆ ಮಿಷನ್

ಹಬ್ಬಕ್ಕೆ ಮೂರು ವಾರವಿರುವಾಗ, ದುಬಾರಿ ಸಾಲವನ್ನು ಗುರುತಿಸುವುದು ಹೇಗೆಂದು ನಮ್ಮ ಉಳಿತಾಯ ಸಂಘದ ಹೆಂಗಸರಿಗೆ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಬಟ್ಟೆ ಹೊಲಿಯುವವಳು; ಲೆಕ್ಕದಲ್ಲಿ ಚುರುಕು ಎಂದು ನನಗೆ ನಾನೇ ಹೆಸರು ಕೊಟ್ಟುಕೊಂಡವಳು.

ಶಾಲೆಯ ಕೋಣೆಯಲ್ಲಿ ಕರಿಹಲಗೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. "ಬಡ್ಡಿ ಎಷ್ಟು ಅಂತ ಕೇಳಿದ್ರೆ ಸಾಲದು. ಕೈಗೆ ಎಷ್ಟು ಬರುತ್ತೆ, ಒಟ್ಟು ಎಷ್ಟು ಕಟ್ಟಬೇಕು, ಎರಡನ್ನೂ ಬರೆದು ಕಳೀರಿ. ಕಾಗದಪತ್ರಕ್ಕೆ ಅಂತ ಹಿಡಿಯೋ ಫೈಲಿನ ಖರ್ಚನ್ನೂ ಬಿಡಬೇಡಿ."

ಮುಂದೆ ಕೂತಿದ್ದ ತರಕಾರಿ ಅಜ್ಜಿ, "ಹೋದ ತಿಂಗಳು ಬಡ್ಡಿಯಿಲ್ಲದ ಕಂತಲ್ಲಿ ಹೊಲಿಗೆ ಮಿಷನ್ ತಂದ್ಯಲ್ಲ ಮಗಳೇ, ಅದನ್ನೇ ಬರಿ," ಎಂದಳು.

ಜಂಬದಿಂದಲೇ ಬರೆದೆ. ಸಾವಿರದ ನೂರೈವತ್ತರ ಹತ್ತು ತಿಂಗಳ ಕಂತು, ಫೈಲಿಗೆ ಐನೂರು. ಒಟ್ಟು ಹನ್ನೆರಡು ಸಾವಿರ.

"ನನ್ನ ಸೊಸೆ ಅದೇ ಅಂಗಡೀಲಿ ಅದೇ ಮಿಷನ್ನ ನಗದು ಕೊಟ್ಟು ಹತ್ತು ಸಾವಿರಕ್ಕೆ ತಂದಳು," ಎಂದಳು ಅಜ್ಜಿ.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸಂಘದಿಂದಲೇ ಹತ್ತು ಸಾವಿರ ತೆಗೆದು, ತಿಂಗಳಿಗೆ ಸಾವಿರ ಅಸಲು ತೀರಿಸುತ್ತ, ಉಳಿದ ಅಸಲಿಗೆ ತಿಂಗಳಿಗೆ ನೂರಕ್ಕೆ ಒಂದರಂತೆ ಕಟ್ಟಿದ್ದರೆ ಬಡ್ಡಿ ಐನೂರೈವತ್ತಕ್ಕೆ ಮುಗಿಯುತ್ತಿತ್ತು. ಬಡ್ಡಿಯೇ ಇಲ್ಲವೆಂದು ಕುಣಿದ ನಾನು ಎರಡು ಸಾವಿರ ಹೆಚ್ಚು ತೆರಲು ಒಪ್ಪಿದ್ದೆ. ಅಳಿಸೋಣವೆಂದರೆ ಡಸ್ಟರ್ ಅಜ್ಜಿಯ ತೊಡೆಯ ಮೇಲಿತ್ತು.

ಎಲ್ಲರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ ನನ್ನ ಅತ್ತಿಗೆ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು.

"ಹಬ್ಬದ ಸಾಲದ್ದು. ಇನ್ನೂ ಸಹಿ ಹಾಕಿಲ್ಲ. ನಿನ್ನಷ್ಟು ಜಾಣೆ ನಾನಲ್ಲ, ಒಂಚೂರು ನೋಡು."

ಅಜ್ಜಿ ಲೆಕ್ಕ ಕೇಳುತ್ತ ಹೋದಳು, ನಾನು ಬಾಯಿ ಮುಚ್ಚಿಕೊಂಡು ಬರೆದೆ; ಕಟ್ಟಬೇಕಾದದ್ದು ಸಂಘದ ಸಾಲಕ್ಕಿಂತ ಬಹಳ ಹೆಚ್ಚೇ ಬಂತು. ಅತ್ತಿಗೆ ಕಾಗದವನ್ನು ಎರಡು ತುಂಡು ಮಾಡಿ, ಸಂಘದ ಸಾಲದ ಅರ್ಜಿ ಕೇಳಿದಳು.