ಹೆಬ್ಬೆರಳಿನ ಅಡಿಯಲ್ಲಿದ್ದದ್ದು

ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಹಾ ತರುವವನಿಂದ ಹಿಡಿದು ಮುಖ್ಯಸ್ಥೆಯವರೆಗೆ ಎಲ್ಲರ ಬಾಯಲ್ಲೂ ಅವಳು ಕತ್ತರಿ ಅಕ್ಕ. ಮೊಬೈಲ್ ಆಟಗಳನ್ನು ಕಟ್ಟುವ ಕಚೇರಿ ಅದು. ಆಡುವವನ ಕಣ್ಣೆದುರು ಸದಾ ತೇಲುವ ಬಟನ್ನು, ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಹೆಲ್ತ್ ಬಾರ್, ನಕ್ಷೆ, ನಾಣ್ಯದ ಲೆಕ್ಕ ಇವೆಲ್ಲಕ್ಕೂ ಸೇರಿಸಿ ಅಲ್ಲಿಯವರು ಹಡ್ ಅನ್ನುತ್ತಾರೆ. ಅದರಲ್ಲಿ ಯಾವುದು ಇರಬೇಕು, ಯಾವುದು ತೊಲಗಬೇಕು ಎಂದು ತೂಗಿ ಹೇಳುವುದು ಅವಳ ಕೆಲಸ. ಇರುವುದಕ್ಕಿಂತ ತೊಲಗಿಸಿದ್ದೇ ಹೆಚ್ಚಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ.

ಕೆಲಸದಲ್ಲಿ ಗಟ್ಟಿಗಿತ್ತಿ. ಆಟದ ಚಿತ್ರವನ್ನು ದೊಡ್ಡ ಮಾನಿಟರಿನಲ್ಲಿ ಹಾಕಿ, ಪಕ್ಕದವರನ್ನು ಕರೆದು, ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ಮರೆಮಾಡುತ್ತಿದ್ದಳು. ಏನು ಕಂಡಿತು ಎಂದು ಕೇಳುತ್ತಿದ್ದಳು. ಮೊದಲು ನಾಣ್ಯ ಕಂಡಿತು ಎಂದರೆ ಅವಳು ಮುಖ ಗಂಟಿಕ್ಕುತ್ತಿದ್ದಳು. ಸಾಯುತ್ತಿರುವವನಿಗೆ ನಾಣ್ಯ ಯಾಕೆ, ಮೊದಲು ಪ್ರಾಣ ಕಾಣಬೇಕು, ಆಮೇಲೆ ವೈರಿ, ಆಮೇಲೆ ಕೈಗೆ ಸಿಗುವ ಆಯುಧ, ಮಿಕ್ಕದ್ದು ಮನೆಗೆ ಬಂದ ನೆಂಟರ ಹಾಗೆ ಬಾಗಿಲ ಬಳಿ ಕಾಯಲಿ ಅನ್ನುತ್ತಿದ್ದಳು. ಚಿತ್ರವನ್ನು ಮಸುಕು ಮಾಡಿ ನೋಡುತ್ತಿದ್ದಳು. ಮಸುಕಿನಲ್ಲೂ ಎದ್ದು ಕಂಡದ್ದೇ ದೊಡ್ಡದು. ಕೊನೆಗೆ ಒಂದು ಪಾರದರ್ಶಕ ಹಾಳೆ. ಎರಡೂ ಕೈಯಲ್ಲಿ ಫೋನನ್ನು ಅಡ್ಡ ಹಿಡಿದಾಗ ಹೆಬ್ಬೆರಳು ಸಲೀಸಾಗಿ ತಲುಪುವ ಜಾಗ ಅದರಲ್ಲಿ ಹಸಿರು, ಎಳೆದರೆ ತಲುಪುವುದು ಹಳದಿ, ಹಿಡಿತ ಬದಲಿಸಬೇಕಾದದ್ದು ಕೆಂಪು. ಆ ಹಾಳೆಯನ್ನು ಚಿತ್ರದ ಮೇಲಿಟ್ಟು, ಬಟನ್ನುಗಳೆಲ್ಲ ಹಸಿರಿನಲ್ಲಿ ಬಿದ್ದವೋ ಇಲ್ಲವೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು.

ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಆಡುತ್ತಿರಲಿಲ್ಲ.

ಚಿಕ್ಕವಳಿದ್ದಾಗ ಕಬ್ಬಿಣದ ಬಾಗಿಲ ಸಂದಿಗೆ ಅವಳ ಎಡಗೈ ಹೆಬ್ಬೆರಳು ಸಿಕ್ಕಿ ಜಜ್ಜಿತ್ತು. ಗಾಯ ಮಾಯಿತು, ಬೆರಳು ಮರದ ಗೂಟದಂತೆ ನೆಟ್ಟಗೆ ನಿಂತಿತು; ಉಗುರಿನ ಜಾಗದಲ್ಲಿ ಒಂದು ಮಡಿಕೆ. ಬಾಗಿಲು ಎಳೆದವಳು ತಾಯಿಯೇ. ಆ ಸಂಕಟ ಆಕೆಯಲ್ಲಿ ಬೈಗುಳವಾಗಿ ಹೊರಬರುತ್ತಿತ್ತು: ನಾಲ್ಕು ಜನರ ಮುಂದೆ ಕೈ ಒಳಗಿಟ್ಟುಕೊ, ಎಲ್ಲರೂ ಏನಾಯಿತು ಏನಾಯಿತು ಅಂತ ಕೇಳುತ್ತಾರೆ. ಮಗಳು ಮುಷ್ಟಿಯೊಳಗೆ ಬೆರಳು ಮಡಗಿಕೊಂಡೇ ಓದಿದಳು, ಕೆಲಸ ಹಿಡಿದಳು. ಹೆಬ್ಬೆರಳಿನ ಲೆಕ್ಕ ನೋಡುವುದೇ ಕೆಲಸವಾದ ಮೇಲೆ ನಾಚಿಕೆ ಎರಡರಷ್ಟಾಯಿತು. ಕುಂಟನಿಗೆ ಓಟದ ತೀರ್ಪುಗಾರಿಕೆ ಕೊಟ್ಟ ಹಾಗೆ ಎಂದು ತನ್ನೊಳಗೇ ಹೇಳಿಕೊಂಡು ತಾನೇ ನಗುತ್ತಿದ್ದಳು; ಬೇರೆ ಯಾರಾದರೂ ಹಾಗೆ ನಕ್ಕಾರು ಎಂಬ ಭಯಕ್ಕೆ ಫೋನನ್ನು ಮೇಜಿನ ಮೇಲೆ ಸ್ಟ್ಯಾಂಡಿಗೆ ಒರಗಿಸಿ ತೋರುಬೆರಳುಗಳಿಂದ ಆಡುತ್ತಿದ್ದಳು. ಕೇಳಿದವರಿಗೆ, ಪರದೆ ಅಲುಗಾಡದೆ ಇದ್ದರೆ ಕಣ್ಣಿಗೆ ಲೆಕ್ಕ ಚೆನ್ನಾಗಿ ಸಿಗುತ್ತದೆ ಎನ್ನುತ್ತಿದ್ದಳು. ಗಟ್ಟಿಗಿತ್ತಿ ಹೇಳಿದ ಮೇಲೆ ಇದ್ದರೂ ಇರಬಹುದು ಎಂದು ಜನ ಸುಮ್ಮನಾಗುತ್ತಿದ್ದರು.

ಈಗ ಕತ್ತಿವರಸೆಯ ಒಂದು ಹೊಸ ಆಟ ಬಂತು. ಪರದೆಯ ಮೇಲ್ಭಾಗವೆಲ್ಲ ಸಂತೆ: ನಾಣ್ಯ, ನಕ್ಷತ್ರ, ದಿನದ ಬಹುಮಾನ, ಅಂಗಡಿಯ ಗುರುತು, ಅವುಗಳ ನಡುವೆ ಇಷ್ಟೇ ಇಷ್ಟು ಹೆಲ್ತ್ ಬಾರ್. ಕತ್ತರಿ ಅಕ್ಕ ಅರ್ಧಕ್ಕರ್ಧ ಕತ್ತರಿಸಿದಳು. ನಾಣ್ಯ ಮತ್ತು ಬಹುಮಾನ ಮಾತ್ರ ಮೇಲೇ ಇರಬೇಕೆಂದು ಮಾರಾಟದವರು ಪಟ್ಟು ಹಿಡಿದರು. ಸರಿ, ಪ್ರಾಣಕ್ಕೆ ಈ ಗದ್ದಲದಲ್ಲಿ ಜಾಗ ಬೇಡ ಎಂದು ಹೆಲ್ತ್ ಬಾರನ್ನು ಉದ್ದ ಮಾಡಿ, ಕೆಂಪು ಬಳಿದು, ಕೆಳಗೆ ಎಡಮೂಲೆಯಲ್ಲಿ, ವೀರನನ್ನು ಓಡಿಸುವ ಜಾಯ್‌ಸ್ಟಿಕ್ಕಿನ ಅಡಿಗೆ ತಂದು ಕೂರಿಸಿದಳು. ಮಾನಿಟರಿನಲ್ಲಿ ಗುಡಿಸಿ ಸಾರಿಸಿದ ಅಂಗಳದ ಹಾಗೆ ಕಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿದರೆ ಎಲ್ಲರೂ ಮೊದಲು ಹೆಲ್ತ್ ಬಾರನ್ನೇ ಹೇಳಿದರು. ಹಾಳೆಯ ಹಸಿರಿನಲ್ಲೇ ಅದು ಬಿದ್ದಿತ್ತು. ಅವಳು ಒಪ್ಪಿಗೆ ಬರೆದಳು.

ಆಟದಲ್ಲಿ ಮುರಿದ ಸೇತುವೆಯದೊಂದು ಲೆವೆಲ್ ಇತ್ತು. ಅದನ್ನು ಕಟ್ಟಿದವನನ್ನು ಕಚೇರಿಯಲ್ಲಿ ಸೇತುವೆಯಣ್ಣ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ಕೆಲಸ ನಿಧಾನ. ಒಂದೊಂದು ಹಲಗೆ ಎಲ್ಲಿ ಕಿರುಗುಟ್ಟಬೇಕು, ಯಾವ ಹಲಗೆ ಮೇಲೆ ವೈರಿ ಜಿಗಿಯಬೇಕು ಎಂದು ಮಗುವಿಗೆ ತೊಟ್ಟಿಲು ಕಟ್ಟುವವನ ಹಾಗೆ ಕಟ್ಟಿ, ತನ್ನ ಕಂಪ್ಯೂಟರಿನಲ್ಲೇ ಕೀಲಿಮಣೆಯಿಂದ ಆಡಿ ನೋಡಿದ್ದ. ಹೊರಗಿನವರನ್ನು ಕರೆಸಿ ಆಡಿಸಿದಾಗ ಮಾತ್ರ, ಬಂದವರೆಲ್ಲ ಆ ಸೇತುವೆಯ ಮೇಲೇ ಸತ್ತರು. ಜೇಬಿನಲ್ಲಿ ಮದ್ದಿನ ಬುಡ್ಡಿ ಇದ್ದರೂ ಕುಡಿಯದೆ ಸತ್ತರು. ಫೋನಿನೊಳಗೇ ರೆಕಾರ್ಡ್ ಆದ ಆಟವನ್ನು ಹಾಕಿ ನೋಡಿದರೆ, ವೀರ ಸೇತುವೆಯ ನಡುವೆ ಗಕ್ಕನೆ ನಿಲ್ಲುತ್ತಾನೆ, ಮಂಕು ಬಡಿದವನ ಹಾಗೆ. ವೈರಿ ಬಂದು ಕೆಡವುತ್ತಾನೆ. ಪ್ರತಿ ಸಲವೂ ಹೀಗೇ.

ಮೀಟಿಂಗಿನಲ್ಲಿ ಮುಖ್ಯಸ್ಥೆ ಕತ್ತರಿ ಅಕ್ಕನ ಕಡೆ ತಿರುಗಿದಳು. ಅಕ್ಕ ತಡವರಿಸಲಿಲ್ಲ. ಪರದೆ ಶುದ್ಧವಾಗಿದೆ, ಪ್ರಾಣ ಎಲ್ಲರ ಕಣ್ಣಿಗೂ ಬೀಳುತ್ತಿದೆ, ಜನ ನಿಂತುಬಿಡುತ್ತಿರುವುದು ದಾರಿ ತಿಳಿಯದೆ. ಗೋಜಲಿರುವುದು ಲೆವೆಲ್ಲಿನಲ್ಲಿ ಎಂದಳು. ಸೇತುವೆಯಣ್ಣ, ದಾರಿ ಒಂದೇ ಇದೆಯಲ್ಲ, ಸೇತುವೆ ಅಂದ್ರೆ ನೇರ ಹೋಗೋದು ಬಿಟ್ಟು ಇನ್ನೇನಿದೆ ಎಂದು ಗೊಣಗಿದ. ಅದಕ್ಕೆ ಯಾರೋ ನಕ್ಕರು. ವೈರಿಗಳನ್ನು ಕಮ್ಮಿ ಮಾಡು, ಹಲಗೆ ಕಮ್ಮಿ ಮಾಡು ಎಂದು ಅಪ್ಪಣೆಯಾಯಿತು. ಅವನು ಕಮ್ಮಿ ಮಾಡಿದ. ಆದರೂ ಜನ ಸತ್ತರು. ಇನ್ನಷ್ಟು ಕಮ್ಮಿ ಮಾಡಿದ. ಸೇತುವೆ ಹೋಗಿ ಕಾಲುಸಂಕವಾಯಿತು.

ಆಡಿಸುವ ಕೋಣೆಗೆ ಕತ್ತರಿ ಅಕ್ಕ ಹೋಗುವ ರೂಢಿ ಇರಲಿಲ್ಲ. ರೆಕಾರ್ಡು ಸಾಕು ಎನ್ನುವವಳು. ಒಂದು ಮಧ್ಯಾಹ್ನ ಚಾರ್ಜರ್ ಕೇಳಲು ಒಳಗೆ ಹೋದಳು. ಆಡಲೆಂದು ಹೊರಗಿನಿಂದ ಕರೆಸಿದ್ದ ಬೇಕರಿಯವನೊಬ್ಬ ಆಡುತ್ತ ಕೂತಿದ್ದ. ಅವಳು ಅವನ ಬೆನ್ನ ಹಿಂದೆ ನಿಂತಳು. ಅವನ ವೀರ ಸೇತುವೆ ಹತ್ತಿದ, ಎರಡು ಏಟು ತಿಂದ. ಆಗ ಬೇಕರಿಯವನು ಎಡ ಹೆಬ್ಬೆರಳನ್ನು ಪರದೆಯಿಂದ ಎತ್ತಿ, ಹಾಲು ಉಕ್ಕಿತೇನೋ ಎಂದು ತಟ್ಟೆ ಸರಿಸಿ ನೋಡುವ ಹಾಗೆ, ಅದರ ಅಡಿಯಲ್ಲಿ ಇಣುಕಿದ. ಬೆರಳು ಎತ್ತಿದೊಡನೆ ವೀರ ಗಕ್ಕನೆ ನಿಂತ. ವೈರಿ ಬಂದ. ಕಥೆ ಮುಗಿಯಿತು.

ಅವಳು ಚಾರ್ಜರ್ ಕೇಳುವುದನ್ನೇ ಮರೆತಳು. ಓಡಿಸುವ ಬೆರಳು ಮೂಲೆಯಿಂದ ಅಡ್ಡ ಬಂದು ಜಾಯ್‌ಸ್ಟಿಕ್ಕಿನ ಮೇಲೆ ಮಲಗಿದರೆ, ಅದರ ಬುಡ ಇರುವುದೇ ಹೆಲ್ತ್ ಬಾರಿನ ಮೇಲೆ. ರೆಕಾರ್ಡಿನಲ್ಲಿ ಬೆರಳು ಬರುವುದಿಲ್ಲ. ಮಾನಿಟರಿನ ಚಿತ್ರದಲ್ಲೂ ಬರುವುದಿಲ್ಲ. ಬೆರಳು ಎಲ್ಲಿ ಮುಟ್ಟುತ್ತದೆ ಎಂದು ಹಾಳೆ ಹೇಳುತ್ತಿತ್ತು, ಏನನ್ನು ಮುಚ್ಚುತ್ತದೆ ಎಂದು ಹೇಳುತ್ತಿರಲಿಲ್ಲ. ಮುಟ್ಟಬೇಕಾದ ಬಟನ್ನಿಗೆ ಹಸಿರು ಒಳ್ಳೆಯ ಜಾಗ. ಬರೀ ನೋಡಬೇಕಾದ್ದಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಕೈಯಲ್ಲಿ ಹಿಡಿದು ಒಮ್ಮೆ ಆಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಸ್ಟ್ಯಾಂಡಿಗೆ ಒರಗಿಸಿ, ಮೇಲಿನಿಂದ ತೋರುಬೆರಳು ಇಳಿಸಿ ಆಡುವವಳಿಗೆ ಮಾತ್ರ ತಿಳಿಯುವಂತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಆ ನೆಲ ಸಾರಿಸಿದವನಿಗೇ ಪೆಟ್ಟು ಬಿದ್ದಿತ್ತು.

ಅಂದೇ ಹೇಳಬಹುದಿತ್ತು. ಹೇಳಹೊರಟರೆ, ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದರ ಹಿಂದೆ ಬೆರಳು ಬರುತ್ತದೆ. ಮನೆಯಲ್ಲಿ ಊಟ ಸೇರಲಿಲ್ಲ. ತಾಯಿ ಕೆದಕಿ ಕೆದಕಿ ಕೇಳಿ, ಕೊನೆಗೆ ತಾನೇ ಊಹಿಸಿಕೊಂಡು, “ಯಾರಾದ್ರೂ ಕೈ ನೋಡಿದ್ರೇನೇ?” ಎಂದಳು. ಇಲ್ಲಮ್ಮ, ಯಾರೂ ನೋಡಲಿಲ್ಲ, ಅದೇ ತಪ್ಪಾಗಿದ್ದು ಎಂದು ಮಗಳು ಎದ್ದು ಹೋದಳು.

ಮರುದಿನದ ಮೀಟಿಂಗಿನಲ್ಲಿ ಮುಖ್ಯಸ್ಥೆ, ಸೇತುವೆ ಲೆವೆಲ್ಲನ್ನು ಬೇರೆಯವರ ಕೈಗೆ ಕೊಡೋಣ ಎಂದಳು. ಸೇತುವೆಯಣ್ಣ ಅಂಗಡಿಯ ಗುರುತುಗಳನ್ನು ಜೋಡಿಸುವ ಗುಂಪಿಗೆ ಹೋಗಲಿ. ಸೇತುವೆಯಣ್ಣ ತಲೆ ಎತ್ತಿ ನೇರ ಕತ್ತರಿ ಅಕ್ಕನನ್ನು ನೋಡಿದ. ಬೈಗುಳವಿರಲಿಲ್ಲ ಆ ನೋಟದಲ್ಲಿ. ಇವಳಾದರೂ ಒಂದು ಮಾತು ಆಡಿಯಾಳು ಎಂಬ ಆಸೆ ಇತ್ತು. ಅವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅಳೆಯುವವಳಂತೆ ನೋಡುತ್ತ ಕೂತಳು. ಮೀಟಿಂಗ್ ಮುಗಿಯಿತು. ಎಲ್ಲರೂ ಕುರ್ಚಿ ಸರಿಸಿ ಎದ್ದರು. ಅವನು ತನ್ನ ಮೇಜಿಗೆ ಹೋಗಿ ಹೆಡ್‌ಫೋನಿನ ತಂತಿ ಸುತ್ತತೊಡಗಿದ. ಆ ತಂತಿ ಸುತ್ತುವುದನ್ನು ಅವಳಿಂದ ನೋಡಲಾಗಲಿಲ್ಲ.

ಅವಳು ಮುಖ್ಯಸ್ಥೆಯ ಕೋಣೆಗೆ ಹೋಗಿ, ಅವನನ್ನೂ ಕರೆಯಿರಿ ಎಂದಳು. ಅವನು ಬಂದು ಬಾಗಿಲಲ್ಲೇ ನಿಂತ. ಅವಳು ಫೋನು ಕೈಗೆತ್ತಿಕೊಂಡಳು. ಇಷ್ಟು ವರ್ಷ ಮುಷ್ಟಿಯಲ್ಲಿದ್ದ ಹೆಬ್ಬೆರಳು ಹೊರಬಂದು ಪರದೆಯ ಮೇಲೆ ಗೂಟದಂತೆ ಮಲಗಿತು. ಕೆಂಪು ಹೆಲ್ತ್ ಬಾರ್ ಅದರಡಿಯಲ್ಲಿ ಪೂರ್ತಿ ಮುಳುಗಿತು. ಸೇತುವೆಯಣ್ಣ ಮೊದಲು ಕಟ್ಟಿದ್ದ ಲೆವೆಲ್ಲನ್ನೇ ತೆರೆದು ಆಡಿದಳು. ಮೊದಲ ಹಲಗೆಗಳಲ್ಲೇ ಸತ್ತಳು.

“ನನ್ನ ಬೆರಳು ಮಡಚಲ್ಲ,” ಎಂದಳು, ಯಾರನ್ನೂ ನೋಡದೆ. “ಅದಕ್ಕೇ ನಾನು ಕೈಯಲ್ಲಿ ಹಿಡಿದು ಯಾವತ್ತೂ ಆಡಿಲ್ಲ. ಸೇತುವೆ ಸರಿಯಾಗೇ ಇದೆ. ಪ್ರಾಣ ಎಷ್ಟಿದೆ ಅಂತ ಯಾರಿಗೂ ಕಾಣ್ತಿಲ್ಲ. ಅದನ್ನ ಅಲ್ಲಿ ಇಟ್ಟಿದ್ದು ನಾನು. ನಿನ್ನೆ ಮಧ್ಯಾಹ್ನಾನೇ ಗೊತ್ತಾಯ್ತು ನಂಗೆ.”

ಮುಖ್ಯಸ್ಥೆ ತಾನೂ ಫೋನು ಹಿಡಿದು ನೋಡಿದಳು. ಬೆರಳು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ನಾಣ್ಯವನ್ನು ಕೆಳಗಿಳಿಸಿ ಪ್ರಾಣವನ್ನು ಮೇಲೆ ಏರಿಸೋಣ, ಮಾರಾಟದವರ ಹತ್ತಿರ ನಾನೇ ಮಾತಾಡುತ್ತೇನೆ ಎಂದಳು. ಇನ್ನು ಮೇಲೆ ಆಡುವವರ ಕೈಯನ್ನೂ ಕ್ಯಾಮೆರಾದಲ್ಲಿ ಹಿಡಿಯಬೇಕು ಎಂದಳು. ಬೆರಳಿನ ಸುದ್ದಿ ಎತ್ತಲಿಲ್ಲ. ಲೆವೆಲ್ ಬೇರೆಯವರಿಗೆ ಹೋಗುವುದಿಲ್ಲ ಎಂದು ಸೇತುವೆಯಣ್ಣನಿಗೆ ಹೇಳಿ ಇಬ್ಬರನ್ನೂ ಕಳಿಸಿದಳು.

ಹೊರಗೆ ಬಂದು ಕತ್ತರಿ ಅಕ್ಕ ತಪ್ಪಾಯಿತು ಎಂದಳು. ಬೆರಳಿನ ದೆಸೆಯಿಂದ ಹೀಗಾಯಿತು ಎಂದು ಮತ್ತೆ ಶುರುಮಾಡಿದಳು. ಅವನು ಕೈ ಅಡ್ಡ ಹಿಡಿದು ನಿಲ್ಲಿಸಿದ.

“ಬೆರಳನ್ನ ಬಿಡಿ ಅಕ್ಕಾ. ಕಣ್ತಪ್ಪು ಎಲ್ರಿಗೂ ಆಗುತ್ತೆ, ನಂಗೂ ಆಗಿದೆ. ಇವತ್ತು ಬೆಳಿಗ್ಗೆ ನಾನು ನಿಮ್ಮ ಕಡೆ ನೋಡಿದೆ. ಆಗ ನಿಮಗೆ ಗೊತ್ತಿತ್ತು. ನೀವು ಲೋಟ ನೋಡ್ತಾ ಇದ್ರಿ.”

ಅಷ್ಟು ಹೇಳಿ ಅವನು ಮೇಜಿಗೆ ಹೋಗಿ ಕತ್ತರಿಸಿ ಹಾಕಿದ್ದ ಹಲಗೆಗಳನ್ನು ಒಂದೊಂದಾಗಿ ಮತ್ತೆ ಹಾಕತೊಡಗಿದ. ಅವಳು ನಿಂತೇ ಇದ್ದಳು. ಇಷ್ಟು ವರ್ಷ ಯಾವುದನ್ನು ಕಂಡು ನಾಚಿಕೊಂಡಿದ್ದಳೋ ಅದು ಈಗ ಇಬ್ಬರ ಕಣ್ಣಿಗೂ ಬಿದ್ದಿತ್ತು, ಯಾರೂ ನಕ್ಕಿರಲಿಲ್ಲ, ಆಕಾಶ ಕಳಚಿ ಬಿದ್ದಿರಲಿಲ್ಲ. ಬಚ್ಚಿಡಲು ಕೈಯಲ್ಲೇನೂ ಉಳಿದಿರಲಿಲ್ಲ. ಆದರೂ ಅವನ ಮೇಜು ದಾಟಿ ತನ್ನ ಜಾಗಕ್ಕೆ ಹೋಗಿ ಕೂರುವಷ್ಟು ಧೈರ್ಯ ಅವಳಿಗೆ ಬರಲಿಲ್ಲ.