ಯಾವುದರ ಬದಲಿಗೆ?

ಮಥುರಾಬಾಯಿಯವರ ಮಂಡಿಗಳು ಸವೆದದ್ದು ತಿರುಗಾಡಿ ಅಲ್ಲ, ನಿಂತು. ಕಮಲಾಪುರದ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಡುಗೆಕಟ್ಟೆಯೇ ಅವರ ಊರು. ಎಲ್ಲರದೂ ಆದ ಮೇಲೆ ಅವರ ಊಟ; ಅದೂ ಆದ ಮೇಲೆ ಪಾತ್ರೆಗಳ ತಳ. ಉಳಿದ ಅನ್ನ, ಸಾರಿನ ಗಟ್ಟಿ, ಒಂದು ಮುರುಕು ಹೋಳಿಗೆ, ಎಲ್ಲವೂ ಅವರ ಹೊಟ್ಟೆಗೇ. ಅನ್ನ ಚೆಲ್ಲಬಾರದು, ಅದು ದೇವರು. ಆ ದೇವರನ್ನು ಕಾಯುವ ಕೆಲಸ ಮಾತ್ರ ಯಾಕೋ ಗಂಡಸರ ಪಾಲಿಗೆ ಯಾವತ್ತೂ ಬರಲಿಲ್ಲ.

ಕಲಬುರಗಿಯ ಡಾಕ್ಟರು ಮಂಡಿ ಬದಲಿಸಬೇಕು ಎಂದರು. ಆದರೆ ಮೊದಲು ತೂಕ ಇಳಿಯಬೇಕು. ಇಳಿದರೆ ಆಪರೇಶನ್, ಇಲ್ಲದಿದ್ದರೆ ಇಲ್ಲ. ಯಾರ ಕೈಯನ್ನೂ ಹಿಡಿಯದೆ ರಾಯರ ಮಠದ ತನಕ ನಡೆದು ಹೋಗಬೇಕು ಎಂಬುದಷ್ಟೇ ಆ ಹೆಂಗಸಿನ ಆಸೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ರಘೂತ್ತಮ ಮರುದಿನವೇ ಡಯಟ್ ಕೋಲಾ ಬಾಟಲಿಗಳ ಒಂದು ಪೆಟ್ಟಿಗೆ ತಂದಿಳಿಸಿದ.

"ಆಯಿ, ಇದರಾಗ ಸಕ್ಕರಿ ಇಲ್ಲ. ಝೀರೋ. ಊಟದ ಜೋಡಿ ಕುಡಿ, ತೂಕ ತಾನ ಇಳೀತದ."

ಹೋಟೆಲಿನ ಚಹಾ ಮುಟ್ಟದ, ಬಸ್‌ಸ್ಟ್ಯಾಂಡಿನ ನೀರು ಕುಡಿಯದ ಮಡಿಯ ಹೆಂಗಸು ಇದನ್ನು ಮಾತ್ರ ಒಪ್ಪಿದರು. ಸೀಲು ಒಡೆಯದ ಬಾಟಲಿ, ಯಾರ ಕೈಯೂ ತಾಗಿಲ್ಲ! ಅದನ್ನು ತುಂಬಿದ, ಹೊತ್ತ, ಲಾರಿಗೆ ಏರಿಸಿದ ಕೈಗಳಿಗೆ ಜಾತಿಯೇ ಇರಲಿಲ್ಲವೇನೋ. ಏಕಾದಶಿಯ ದಿನವಿಡೀ ಅದೇ ಬಾಟಲಿ. ದ್ವಾದಶಿಯ ಪಾರಣೆಗೆ ಕೂತಾಗ ಮಾತ್ರ, "ಸಕ್ಕರಿ ಉಳಿಸೀನಲ್ಲ" ಎಂದು ಇನ್ನೊಂದು ಹೋಳಿಗೆ, ಮೇಲೊಂದು ಮಿಳ್ಳೆ ತುಪ್ಪ.

ಮಳೆಗಾಲ ಮುಗಿದ ಮೇಲೆ ಕಲಬುರಗಿಯ ಆಸ್ಪತ್ರೆಯಲ್ಲಿ ತೂಕ ನೋಡಿದರೆ ಇಳಿಯುವುದಿರಲಿ, ಏರಿತ್ತು. ಡಾಕ್ಟರು ಆಪರೇಶನ್ ಮುಂದೂಡಿ, ತಾಯಿ, ಮಗ ಇಬ್ಬರನ್ನೂ ಆಹಾರ ತಜ್ಞೆ ಪಂಚಶೀಲಾ ಹತ್ತಿರ ಕಳಿಸಿದರು. ಅವರ ಮೇಜಿನ ಮೇಲೆ ಚಿಕ್ಕದೊಂದು ಬುದ್ಧನ ಮೂರ್ತಿ. ಪಂಚಶೀಲಾ ಎದ್ದು, ಗ್ಲಾಸಿನಲ್ಲಿ ನೀರು ಕೊಟ್ಟರು.

"ಬ್ಯಾಡ್ರಿ," ಎಂದ ಮಥುರಾಬಾಯಿ ಚೀಲದಿಂದ ಬಾಟಲಿ ತೆಗೆದರು.

ಪಂಚಶೀಲಾ ಒಮ್ಮೆ ಗ್ಲಾಸನ್ನು, ಒಮ್ಮೆ ಬಾಟಲಿಯನ್ನು ನೋಡಿದರು. ಇಂಥ ಗ್ಲಾಸುಗಳನ್ನು ಅವರು ಬಹಳ ಸಲ ವಾಪಸು ಎತ್ತಿಟ್ಟಿದ್ದರು.

"ಅಮ್ಮಾರ, ಇದು ಮನಿಗೆ ಬರೋಕ್ಕಿಂತ ಮೊದಲ ಏನ್ ಕುಡೀತಿದ್ರಿ?"

"ನೀರು. ಮಧ್ಯಾಹ್ನ ಮಜ್ಜಿಗಿ."

"ಸಕ್ಕರಿ ಹಾಕಿದ ಕೋಲಾ?"

"ರಾಮ ರಾಮ! ಹುಟ್ಟಿದಾಗಿಂದ ಮುಟ್ಟಿಲ್ಲ."

"ಹಂಗಾದ್ರ ಈ ಬಾಟ್ಲಿ ಯಾವುದರ ಬದಲಿಗೆ ಬಂತು?"

ಮಥುರಾಬಾಯಿ ಮಗನ ಕಡೆ ನೋಡಿದರು. ಮಗ ಬಾಯಿ ಹಾಕಿದ: "ಮೊಬೈಲ್‌ನ್ಯಾಗ ನೋಡೀನ್ರಿ ಮೇಡಂ, ಇದು ಹೊಟ್ಟ್ಯಾಗಿನ ಬ್ಯಾಕ್ಟೀರಿಯಾ ಕೆಡಸ್ತದಂತ. ಅದಕ್ಕ ತೂಕ ಏರಿರಬೇಕು."

"ನಿನ್ನೆ ಔಷಧ, ಇವತ್ತು ವಿಷ ಏನ್ರಿ?" ಪಂಚಶೀಲಾ ನಗಲಿಲ್ಲ. "ಸ್ಯಾಕರಿನ್, ಸುಕ್ರಲೋಸ್ ಕೊಟ್ಟು ನೋಡಿದಾಗ ಕೆಲವರ ಕರುಳಿನ ಬ್ಯಾಕ್ಟೀರಿಯಾ ಬದಲಾಗ್ಯಾವ, ರಕ್ತದ ಸಕ್ಕರೀನೂ ಏರುಪೇರಾಗ್ಯಾದ. ಎಲ್ಲಾರಿಗೂ ಅಲ್ಲ. ಅದರಿಂದನ ತೂಕ ಏರ್ತದಂತ ಇನ್ನೂ ಖಾತ್ರಿ ಆಗಿಲ್ಲ. ಹಸಿವಿನ ವಿಚಾರಾನೂ ಹಂಗ, ಒಂದು ಪರೀಕ್ಷೆ ಏರ್ತದ ಅಂದ್ರ ಇನ್ನೊಂದು ಇಲ್ಲ ಅಂತದ. ದಿನಾ ಸಕ್ಕರಿ ಕೋಲಾ ಕುಡಿಯೋರು ಇದಕ್ಕ ಬದಲಾದ್ರ ಸ್ವಲ್ಪ ತೂಕ ಇಳೀಬಹುದು. ಆದ್ರ ಬಹಳ ವರ್ಷದ ಮಾತಿಗೆ ಬಂದ್ರ, ತೂಕ ಇಳಸಾಕ ಇದನ್ನ ನೆಚ್ಚಬ್ಯಾಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ಯಾದ. ನಿಮ್ಮ ಆಯಿ ನೀರು ಕುಡಿಯೋರು. ನೀರಿನಾಗ ಕಳಿಯಾಕ ಸಕ್ಕರಿ ಎಲ್ಲದ? ಬಾಟ್ಲಿ ಬಿಡ್ರಿ, ಇವರು ಊಟ ಹೆಂಗ ಮಾಡ್ತಾರ ನೋಡೀರೇನು?"

ರಘೂತ್ತಮ ನೋಡಿರಲಿಲ್ಲ. ಅವನ ಊಟ ಆದ ಮೇಲಿನದಲ್ಲವೇ ಅದು.

ಮಥುರಾಬಾಯಿಯೇ ತಲೆ ತಗ್ಗಿಸಿ ಪಾತ್ರೆ ತಳದ ಕತೆ ಹೇಳಿದರು. "ಅದನ್ನ ಬಿಡ್ರಿ," ಎಂದರು ಪಂಚಶೀಲಾ. "ಅಡಗಿ ಕಡಿಮಿ ಮಾಡ್ಸಿ ಉಣ್ರಿ. ಎಲ್ಲಾರ ಜೋಡಿ, ಕೂತು." ಆಮೇಲೆ ಗ್ಲಾಸಿನ ನೀರನ್ನು ತಾವೇ ಕುಡಿದರು.

ಕಮಲಾಪುರಕ್ಕೆ ವಾಪಸಾಗುವ ದಾರಿಯಲ್ಲಿ ಮಗ ಒಂದೇ ಮಾತು ಆಡಿದ: "ಬ್ಯಾರೆ ಕಂಪನೀದು ತರ್ತೀನಿ ಬಿಡು." ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಆ ಸಂಜೆ ಊಟದ ಹೊತ್ತಿಗೆ ಮಥುರಾಬಾಯಿ ಮಗನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ರಘೂತ್ತಮ ಕತ್ತು ಎತ್ತಲಿಲ್ಲ. ಊಟ ಆಯಿತು. ಒಳಗಿನಿಂದ ಸೊಸೆ ಮಂಜುಷಾ ಕೂಗಿದಳು:

"ಅತ್ಯಾರ, ಅನ್ನ ಇಷ್ಟು ಉಳದದ. ಸಾರೂ ಅದ. ಏನ್ ಮಾಡ್ಲಿ?"

ಮಥುರಾಬಾಯಿಯ ಕೈ ತಾನಾಗಿ ಮುಂದೆ ಬಂತು. ಅದನ್ನು ಹಿಂದೆಳೆದುಕೊಂಡರು. "ನನಗ ಬ್ಯಾಡವ್ವ."

"ಮತ್ತ ಚೆಲ್ಲಲೇನು?"

"ಅನ್ನ ಯಾರರೆ ಚೆಲ್ತಾರೇನು?" ರಘೂತ್ತಮ ಕೈ ತೊಳೆಯುತ್ತ ಗದರಿದ.

ಒಳಗಿನಿಂದ ಚಮಚ ಪಾತ್ರೆಯ ತಳ ಕೆರೆಯುವ ಸದ್ದು. ಮಥುರಾಬಾಯಿ ಕುರ್ಚಿಯಿಂದಲೇ ಬಾಗಿ ನೋಡಿದರು. ಮಂಜುಷಾ ಕಟ್ಟೆಗೆ ಒರಗಿ, ನಿಂತೇ, ಉಳಿದ ಅನ್ನ ಕಲಸಿ ತಿನ್ನುತ್ತಿದ್ದಳು. ಕಟ್ಟೆಯ ಮೇಲೆ ಅತ್ತೆಗೆಂದು ತಂದಿದ್ದ ಬಾಟಲಿಯ ಮುಚ್ಚಳ ಬಿಚ್ಚಿತ್ತು.